ಬೀದಿದೀಪದ ಬಲ್ಬು: ಮಾದರಿ ಪರೀಕ್ಷೆಯಿಂದ ಸರಕಿನ ಸ್ವೀಕಾರ

ನಂಜನಗೂಡು ಅಥವಾ ತಿ. ನರಸೀಪುರ ತಾಲ್ಲೂಕಿನ ಗ್ರಾಮ ಪಂಚಾಯಿತಿಯೊಂದಕ್ಕೆ 1000 ಎಲ್‌ಇಡಿ ಬಲ್ಬುಗಳು ಸರಬರಾಜಾಗಿವೆ ಎಂದು ಭಾವಿಸಬಹುದು. ದಾಸ್ತಾನು ವಹಿಗೆ ದಾಖಲಿಸುವ ಮುನ್ನ 20 ಬಲ್ಬುಗಳನ್ನು ಉರಿಸಿ ನೋಡಿ, ಕೆಟ್ಟದ್ದು ಒಂದನ್ನು ಮೀರದಿದ್ದರೆ ಇಡೀ ಸರಕನ್ನು ಸ್ವೀಕರಿಸುವುದು, ಮೀರಿದರೆ ಹಿಂದಿರುಗಿಸುವುದು; ಇದೇ ಏಕ ಮಾದರಿ ಯೋಜನೆ.

ಸರಕಿನಲ್ಲಿ ನೂರಕ್ಕೆ 10 ಬಲ್ಬು ಕೆಟ್ಟಿದ್ದರೆ, ಆರಿಸಿದ ಒಂದು ಬಲ್ಬು ಸರಿಯಿರುವ ಸಂಭವನೀಯತೆ 0.9. ಇಪ್ಪತ್ತೂ ಸರಿಯಿರುವ ಸಂಭವನೀಯತೆಯು 0.9 ಅನ್ನು 20 ಬಾರಿ ಗುಣಿಸಿದಾಗ ಬರುವ 0.122. ಕೆಟ್ಟದ್ದು ಒಂದೇ ಆಗಿರುವುದು ಹೀಗೆ:

20 × 0.1 × 0.9¹⁹ = 0.270

ಎರಡೂ ಕೂಡಿ 0.392. ಅಂದರೆ ಇಂತಹ 100 ಕಳಪೆ ಸರಕುಗಳ ಪೈಕಿ ಸುಮಾರು 39 ಪರೀಕ್ಷೆ ದಾಟಿ ಒಳಬರುತ್ತವೆ! ನೂರಕ್ಕೆ 2 ಮಾತ್ರ ಕೆಟ್ಟಿರುವ ಉತ್ತಮ ಸರಕು ಸ್ವೀಕಾರವಾಗುವ ಸಂಭವನೀಯತೆ 0.94.

ಮಾದರಿಯನ್ನು 50ಕ್ಕೆ, ಮಿತಿಯನ್ನು 2ಕ್ಕೆ ಏರಿಸಿದರೆ ಕಳಪೆ ಸರಕಿನ ಅವಕಾಶ 0.11ಕ್ಕೆ ಕುಸಿಯುತ್ತದೆ; ಉತ್ತಮ ಸರಕಿನದು 0.92ರಲ್ಲೇ ಉಳಿಯುತ್ತದೆ. ಹೆಚ್ಚುವರಿ ಶ್ರಮ ಮೂವತ್ತು ಬಲ್ಬುಗಳದ್ದು ಮಾತ್ರ.

ಸರಬರಾಜುದಾರರು ತೆರೆದಿಟ್ಟ ಪೆಟ್ಟಿಗೆಯಿಂದಲೇ ಮಾದರಿ ತೆಗೆದರೆ ಈ ಲೆಕ್ಕ ನಿಲ್ಲದು. ಎಲ್ಲ ಪೆಟ್ಟಿಗೆಗಳಿಂದಲೂ ಚೀಟಿ ಎತ್ತಿ ಆರಿಸತಕ್ಕದ್ದು. ಮಾದರಿಯ ಸಂಖ್ಯೆ ಮತ್ತು ಮಿತಿಯನ್ನು ಸರಬರಾಜು ಆದೇಶದಲ್ಲಿಯೇ ನಮೂದಿಸತಕ್ಕದ್ದು.