ಸಾಲಪತ್ರದ ಬೆಲೆ ಇಳಿದಾಗ

ನಮ್ಮಲ್ಲಿ 100 ರೂಪಾಯಿ ಮುಖಬೆಲೆಯ ಸಾಲಪತ್ರವೊಂದಿದೆಯೆನ್ನೋಣ. ವರ್ಷಕ್ಕೆ 7 ರೂಪಾಯಿ ಬಡ್ಡಿ; ಉಳಿದ ಅವಧಿ 3 ವರ್ಷ. ಅಷ್ಟರಲ್ಲಿ ಪೇಟೆಯ ದರ ಶೇಕಡಾ 8ಕ್ಕೆ ಏರಿತು. ಹೊಸ ಪತ್ರಕ್ಕೆ 8 ಸಿಗುವಾಗ ನಮ್ಮದಕ್ಕೆ 100 ಕೊಡುವವರಾರು? ಮೊದಲ ವರ್ಷದ 7ನ್ನು 1.08ರಿಂದ ಒಂದು ಸಲ, ಎರಡನೆಯದನ್ನು ಎರಡು ಸಲ, ಅಸಲೂ ಸೇರಿದ ಕೊನೆಯ 107ನ್ನು ಮೂರು ಸಲ ಭಾಗಿಸಿ ಕೂಡಿದರೆ 97.42. ಇಂದಿನ ಬೆಲೆ ಅದೇ.

ಕೊಳ್ಳುವವರ ಲೆಕ್ಕ ತಿರುವುಮುರುವು. 7ನ್ನು 97.42ರಿಂದ ಭಾಗಿಸಿ, ಶೇಕಡಾ 7.19 ಎಂದು ನಾವು ಗುಮಾಸ್ತರು ನಿಂತುಬಿಡುತ್ತೇವೆ! ಅವಧಿ ಮುಗಿದಾಗ 100 ಕೈಸೇರಿ ದಕ್ಕುವ 2.58ರ ಲಾಭ ಅದರಲ್ಲಿಲ್ಲ. ಅದಕ್ಕೆ ದರವನ್ನು ಊಹಿಸಿ ನೋಡಬೇಕು: 7.5 ಹಿಡಿದರೆ ಬೆಲೆ 98.70, ಹೆಚ್ಚಾಯಿತು, 8 ಹಿಡಿದರೆ ಸರಿಹೊಂದಿತು. ನಡುವೆ ಬಂದ ಬಡ್ಡಿಯನ್ನೂ 8ರಂತೆಯೇ ತೊಡಗಿಸಿದರಷ್ಟೇ ಈ 8 ಪೂರ್ತಿ ದಕ್ಕೀತು.