ಅಮೆರಿಕದಲ್ಲಿ ವಿಶ್ವವಿದ್ಯಾಲಯ ಬದಲಿಸುವಾಗ ಮೊದಲು ಯಾರಿಗೆ ಹೇಳಬೇಕು?

2019ರ ಜನವರಿ ಕೊನೆಯಲ್ಲಿ ಅಮೆರಿಕದ ವಲಸೆ ಅಧಿಕಾರಿಗಳು ಹಲವು ರಾಜ್ಯಗಳಲ್ಲಿ ಒಟ್ಟಿಗೇ ದಾಳಿ ನಡೆಸಿ 130 ವಿದ್ಯಾರ್ಥಿಗಳನ್ನು ಹಿಡಿದರು. ಅವರಲ್ಲಿ 129 ಮಂದಿ ಭಾರತೀಯರು. ಎಲ್ಲರೂ ಮಿಶಿಗನ್ ರಾಜ್ಯದ ‘ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ’ದಲ್ಲಿ ಹೆಸರು ನೋಂದಾಯಿಸಿದ್ದವರು. ಅಂಥ ವಿಶ್ವವಿದ್ಯಾಲಯ ನಿಜವಾಗಿ ಇರಲೇ ಇಲ್ಲ. ತರಗತಿ ಇರಲಿಲ್ಲ, ಪಾಠ ಹೇಳುವವರೂ ಇರಲಿಲ್ಲ. ವೀಸಾ ವಂಚನೆಯ ಜಾಲವನ್ನು ಬಯಲಿಗೆಳೆಯಲು ಸರ್ಕಾರದ ತನಿಖಾ ಸಿಬ್ಬಂದಿಯೇ ಅದನ್ನು ನಡೆಸುತ್ತಿದ್ದರು. ದೆಹಲಿಯಿಂದ ವಾಷಿಂಗ್ಟನ್‌ವರೆಗೆ ಸುದ್ದಿಯಾದ ಈ ಪ್ರಕರಣದಲ್ಲಿ ಸಿಕ್ಕಿಬಿದ್ದವರಲ್ಲಿ ಅನೇಕರು ಬೇರೊಂದು ವಿಶ್ವವಿದ್ಯಾಲಯಕ್ಕೆಂದು ಕ್ರಮವಾಗಿಯೇ ವೀಸಾ ಪಡೆದು ಅಮೆರಿಕಕ್ಕೆ ಹೋಗಿ, ಆಮೇಲೆ ಅಲ್ಲಿಂದ ಇಲ್ಲಿಗೆ ‘ಟ್ರಾನ್ಸ್‌ಫರ್’ ಮಾಡಿಸಿಕೊಂಡವರು.

ಹಾಗೆಂದು ಅಮೆರಿಕದಲ್ಲಿ ವಿಶ್ವವಿದ್ಯಾಲಯ ಬದಲಿಸುವುದು ತಪ್ಪೇನಲ್ಲ. ಶುಲ್ಕ ಕೈಗೆಟುಕದಿರಬಹುದು, ಆರಿಸಿಕೊಂಡ ವಿಷಯ ಒಗ್ಗದಿರಬಹುದು, ಮಾರ್ಗದರ್ಶಕ ಪ್ರಾಧ್ಯಾಪಕರೇ ಬೇರೆಡೆಗೆ ಹೋಗಿಬಿಡಬಹುದು. ನಿಯಮ ಇದಕ್ಕೆಲ್ಲ ದಾರಿ ಬಿಟ್ಟಿದೆ. ತೊಡಕು ಹುಟ್ಟುವುದು ಕೆಲಸಗಳ ಕ್ರಮ ತಪ್ಪಿದಾಗ: ಮೊದಲು ಬಿಟ್ಟು, ಆಮೇಲೆ ಹೇಳಿದಾಗ.

ಎಫ್-1 ವೀಸಾದಲ್ಲಿ ಹೋದ ವಿದ್ಯಾರ್ಥಿಯ ಹೆಸರಿನಲ್ಲಿ ‘ಸೆವಿಸ್’ ಎಂಬ ಸರ್ಕಾರಿ ಕಂಪ್ಯೂಟರ್ ವ್ಯವಸ್ಥೆಯಲ್ಲಿ ಒಂದು ಕಡತ ಇರುತ್ತದೆ. ಯಾವ ಕೋರ್ಸು, ಎಂದು ಮುಗಿಯುತ್ತದೆ, ವಾಸ ಎಲ್ಲಿ, ಈ ಸೆಮಿಸ್ಟರಿಗೆ ಹೆಸರು ನೋಂದಾಯಿಸಿದ್ದಾರೆಯೇ, ಎಲ್ಲವೂ ಅದರಲ್ಲಿ ದಾಖಲು. ವಿದ್ಯಾರ್ಥಿಯ ಕೈಯಲ್ಲಿರುವ ಐ-20 ಎಂಬ ಪತ್ರ ಆ ಕಡತದಿಂದಲೇ ಅಚ್ಚಾಗಿ ಬರುವಂಥದ್ದು. ಪಾಸ್‌ಪೋರ್ಟಿನ ವೀಸಾ ದೇಶದ ಬಾಗಿಲು ದಾಟಲು ಬೇಕು. ಒಳಗಿದ್ದಷ್ಟು ದಿನ ಕಾನೂನುಬದ್ಧವಾಗಿ ಇರುವುದು ಈ ಕಡತ ಜೀವಂತವಾಗಿರುವುದರ ಮೇಲೆ ನಿಂತಿದೆ. ನಮ್ಮ ಮನೆಗಳಲ್ಲಿ ಹೆಚ್ಚಿನವರಿಗೆ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ‘ವೀಸಾ ಇನ್ನೂ ನಾಲ್ಕು ವರ್ಷ ಇದೆಯಲ್ಲ’ ಎಂಬ ಧೈರ್ಯದಲ್ಲಿ ಕೂತವರೇ ಹೆಚ್ಚು ಸಂಕಟಕ್ಕೆ ಬೀಳುತ್ತಾರೆ.

ಈ ಕಡತ ಒಂದು ಸಲಕ್ಕೆ ಒಂದೇ ವಿಶ್ವವಿದ್ಯಾಲಯದ ವಶದಲ್ಲಿರುತ್ತದೆ. ಅದನ್ನು ತಿದ್ದುವ ಅಧಿಕಾರ ಅಲ್ಲಿನ ಡಿಎಸ್‌ಒ ಎಂಬ ಅಧಿಕಾರಿಗೆ. ಹಾಗಾಗಿ ‘ಸರ್ಕಾರಕ್ಕೆ ತಿಳಿಸುವುದು’ ಎಂದರೆ ವಿದ್ಯಾರ್ಥಿಯ ಮಟ್ಟಿಗೆ ಬಹುಪಾಲು ಈ ಡಿಎಸ್‌ಒಗೆ ತಿಳಿಸುವುದೇ. ಮನೆ ಬದಲಿಸಿದರೆ 10 ದಿನಗಳೊಳಗೆ ಹೇಳಬೇಕು. ಅದೇ ವಿಶ್ವವಿದ್ಯಾಲಯದೊಳಗೆ ಮೆಕ್ಯಾನಿಕಲ್ ಬಿಟ್ಟು ಡೇಟಾ ಸೈನ್ಸ್‌ಗೆ ಹೋದರೂ ಹೇಳಬೇಕು. ಅವರು ಕಡತ ತಿದ್ದಿ ಹೊಸ ಐ-20 ಕೊಡುತ್ತಾರೆ. ವಿಭಾಗದ ಮುಖ್ಯಸ್ಥರು ಒಪ್ಪಿದ್ದಾರೆ ಎಂದ ಮಾತ್ರಕ್ಕೆ ಈ ಕೆಲಸ ಆಗಿಬಿಡುವುದಿಲ್ಲ.

ವಿಶ್ವವಿದ್ಯಾಲಯವನ್ನೇ ಬದಲಿಸುವಾಗ ಕಡತವೂ ಹೊರಡಬೇಕು. ಒಂದು ಉದಾಹರಣೆ ಹಾಕಿಕೊಂಡು ನೋಡೋಣ. ಹುಬ್ಬಳ್ಳಿಯ ಹುಡುಗಿಯೊಬ್ಬಳು ಓಹಾಯೊದಲ್ಲಿ ಎಂಎಸ್‌ನ ಮೊದಲ ಸೆಮಿಸ್ಟರ್ ಓದುತ್ತಿದ್ದಾಳೆ. ಟೆಕ್ಸಸ್‌ನ ವಿಶ್ವವಿದ್ಯಾಲಯವೊಂದು ಜನವರಿಗೆ ಪ್ರವೇಶ ಕೊಟ್ಟಿದೆ ಎಂದುಕೊಳ್ಳಿ. ಅವಳು ಪ್ರವೇಶ ಪತ್ರ ಹಿಡಿದು ಓಹಾಯೊದ ಡಿಎಸ್‌ಒ ಬಳಿ ಹೋಗುತ್ತಾಳೆ. ಇಬ್ಬರೂ ಕೂತು ಕಡತ ಬಿಟ್ಟುಕೊಡುವ ದಿನವನ್ನು ಗೊತ್ತುಮಾಡುತ್ತಾರೆ. ಪರೀಕ್ಷೆ ಮುಗಿದ ಮೇಲೆ, ಡಿಸೆಂಬರ್ 20 ಎಂದಿರಲಿ. ಆ ದಿನದವರೆಗೆ ಅವಳು ಮನಸ್ಸು ಬದಲಿಸಿ ಬೇಡ ಎನ್ನಬಹುದು. ಅದು ದಾಟಿದರೆ ಕಡತ ಟೆಕ್ಸಸ್‌ನವರದು, ಓಹಾಯೊದವರು ಹಿಂತೆಗೆದುಕೊಳ್ಳಲಾರರು. ಓಹಾಯೊ ಕ್ಯಾಂಪಸ್‌ನ ಗ್ರಂಥಾಲಯದಲ್ಲಿ ಅವಳು ಮಾಡುತ್ತಿದ್ದ ಕೆಲಸದ ಅನುಮತಿಯೂ ಅಂದಿಗೇ ಮುಗಿಯುತ್ತದೆ. ಓದು ಮುಗಿಸಿ ‘ಒಪಿಟಿ’ ಮೇಲೆ ಕೆಲಸದಲ್ಲಿರುವವರು ಮತ್ತೆ ಓದಲು ಹೊರಟರೂ ಇದೇ ನಿಯಮ. ಕಡತ ಹೊರಟ ದಿನ ಕೆಲಸದ ಪರವಾನಗಿ ರದ್ದು. ಇದನ್ನು ಮರೆತು ಇನ್ನೊಂದೆರಡು ವಾರ ದುಡಿದರೆ ಅದು ಅಕ್ರಮ ದುಡಿಮೆಯಾಗುತ್ತದೆ.

ಆಮೇಲೆ ಟೆಕ್ಸಸ್‌ನವರು ಹೊಸ ಐ-20 ಕೊಡುತ್ತಾರೆ. ಸೆವಿಸ್ ಸಂಖ್ಯೆ ಹಳೆಯದೇ ಇರುವುದರಿಂದ ಸೆವಿಸ್ ಶುಲ್ಕ ಮತ್ತೆ ಕಟ್ಟಬೇಕಿಲ್ಲ. ವೀಸಾದ ಮೇಲೆ ಓಹಾಯೊ ವಿಶ್ವವಿದ್ಯಾಲಯದ ಹೆಸರಿದ್ದರೂ, ಅವಧಿ ಇದ್ದರೆ, ಹೊಸ ಐ-20 ಜೊತೆಗೆ ಅದು ನಡೆಯುತ್ತದೆ. ಕೋರ್ಸು ಶುರುವಾದ 15 ದಿನಗಳೊಳಗೆ ಅವಳು ಹೊಸ ಡಿಎಸ್‌ಒ ಮುಂದೆ ಹಾಜರಾತಿ ಹೇಳಬೇಕು. ಅವರು ಸೆವಿಸ್‌ನಲ್ಲಿ ಅವಳ ನೋಂದಣಿಯನ್ನು ದಾಖಲಿಸಿದಾಗಲೇ ವರ್ಗಾವಣೆ ಪೂರ್ಣ. ತರಗತಿಗೆ ಹೋಗುತ್ತಿದ್ದೇನಲ್ಲ ಎಂದು ಇದೊಂದನ್ನು ಬಿಟ್ಟವರ ಕಡತ ಅರ್ಧಕ್ಕೇ ನಿಂತುಹೋಗುತ್ತದೆ.

ಜನವರಿಗೆ ಸೀಟಿಲ್ಲ, ಆಗಸ್ಟ್‌ಗೆ ಬನ್ನಿ ಎಂದು ಟೆಕ್ಸಸ್‌ನವರು ಹೇಳಿದ್ದರೆ? ಎರಡು ಓದುಗಳ ನಡುವೆ 5 ತಿಂಗಳಿಗಿಂತ ಹೆಚ್ಚು ಅಂತರ ಇರಕೂಡದು ಎಂಬುದು ನಿಯಮ. ಡಿಸೆಂಬರ್ 20ಕ್ಕೆ ಓಹಾಯೊ ಬಿಟ್ಟರೆ ಮೇ 20ಕ್ಕೆ ಐದು ತಿಂಗಳು ಮುಗಿದುಹೋಗುತ್ತದೆ. ಆಗ ಊರಿಗೆ ಮರಳಿ, ಹೊಸ ಐ-20 ಪಡೆದು, ಶುಲ್ಕ ಕಟ್ಟಿ, ಹೊಸದಾಗಿ ಪ್ರವೇಶಿಸಬೇಕಾಗುತ್ತದೆ. ಅದರ ಬದಲು ಮೇ ತಿಂಗಳವರೆಗೆ ಓಹಾಯೊದಲ್ಲೇ ಇನ್ನೊಂದು ಸೆಮಿಸ್ಟರ್ ಓದಿ ಹೊರಟರೆ ಆಗಸ್ಟ್ ಅವಧಿಯೊಳಗೇ ಬರುತ್ತದೆ. ಡಿಎಸ್‌ಒ ಬಳಿ ಮೊದಲೇ ಹೋದವರಿಗೆ ಈ ಲೆಕ್ಕ ಕೂಡಲೇ ಸಿಗುತ್ತದೆ.

ಹೇಳದೆ ತರಗತಿ ಬಿಟ್ಟವರ ಕಥೆ ಬೇರೆ. ನೋಂದಣಿ ಇಲ್ಲದ್ದನ್ನು ಕಂಡ ಡಿಎಸ್‌ಒ ಕಡತವನ್ನು ರದ್ದುಪಡಿಸಲೇಬೇಕು. ಅದು ಅವರ ಕರ್ತವ್ಯ. ಅನುಮತಿ ಪಡೆದು ಓದು ಬಿಟ್ಟವರಿಗೆ ದೇಶ ಬಿಡಲು 15 ದಿನ ಸಿಗುತ್ತದೆ, ಹೇಳದೆ ಬಿಟ್ಟವರಿಗೆ ಒಂದು ದಿನವೂ ಇಲ್ಲ. ಮತ್ತೆ ಊರ್ಜಿತಗೊಳಿಸಿ ಎಂದು ವಲಸೆ ಇಲಾಖೆಗೆ ಅರ್ಜಿ ಹಾಕುವ ದಾರಿ ಇದೆ. ಆದರೆ ಸಾಮಾನ್ಯವಾಗಿ 5 ತಿಂಗಳೊಳಗೆ ಹಾಕಬೇಕು, ಕೈಮೀರಿದ ಕಾರಣ ತೋರಿಸಬೇಕು. ‘ನಿಯಮ ಗೊತ್ತಿರಲಿಲ್ಲ’ ಎಂಬ ಒಂದೇ ಕಾರಣ ನೆಚ್ಚಿಕೊಳ್ಳುವಂಥದ್ದಲ್ಲ.

ಕಾಗದ ಸರಿಯಿದ್ದರೂ ಸಾಲದು ಎಂಬುದಕ್ಕೆ ಫಾರ್ಮಿಂಗ್ಟನ್ ಸಾಕ್ಷಿ. ಆ ಹೆಸರು ಸರ್ಕಾರದ ಮಾನ್ಯತಾ ಪಟ್ಟಿಯಲ್ಲೇ ಇತ್ತು, ನಾವು ನಂಬಿ ಮೋಸಹೋದೆವು ಎಂದು ಎಷ್ಟೋ ವಿದ್ಯಾರ್ಥಿಗಳು ಹೇಳಿಕೊಂಡರು. ಅವರ ನೋವಿನಲ್ಲಿ ನಿಜವಿದೆ. ಆದರೆ ಎಫ್-1ರ ಮೂಲ ಷರತ್ತು ಓದುವುದು. ತರಗತಿಯೇ ನಡೆಯದಿರುವುದು ಪಟ್ಟಿ ನೋಡದೆಯೂ ತಿಳಿಯುವ ಸಂಗತಿ. 2011ರಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯ ಮುಚ್ಚಿದಾಗಲೂ ಬೀದಿಗೆ ಬಿದ್ದವರಲ್ಲಿ ಬಹುಪಾಲು ಭಾರತೀಯರೇ. ಕೆಲವರ ಕಾಲಿಗೆ ನಿಗಾ ಯಂತ್ರ ಕಟ್ಟಿ ಕಳಿಸಿದ್ದರು. ಕಮಿಷನ್ ಪಡೆದು ವಿದ್ಯಾರ್ಥಿಗಳನ್ನು ಎಳೆದುತರುವ ದಲ್ಲಾಳಿ, ತರಗತಿಗೆ ಬರಬೇಕಿಲ್ಲ ಎಂಬ ಮಾತು, ಮೊದಲ ದಿನದಿಂದಲೇ ಹೊರಗೆ ಪೂರ್ಣಾವಧಿ ಕೆಲಸದ ಆಸೆ: ಈ ಮೂರೂ ಕೂಡಿಬಂದ ಕಡೆಗೆ ಕಡತ ಕಳಿಸಬಾರದು.

ವಿಮಾನ ಹತ್ತುವ ಮೊದಲೇ ಮನಸ್ಸು ಬದಲಾದವರಿಗೂ ಒಂದು ಮಾತು. ಮೊದಲ ಸಲ ಪ್ರವೇಶಿಸುವಾಗ ವೀಸಾದಲ್ಲಿ ನಮೂದಾದ ವಿಶ್ವವಿದ್ಯಾಲಯದಲ್ಲೇ ಓದುವ ಉದ್ದೇಶ ಇರಬೇಕು. ‘ಒಂದಕ್ಕೆ ವೀಸಾ ತಗೋ, ಇಳಿದ ಮೇಲೆ ಇನ್ನೊಂದಕ್ಕೆ ಹೋಗು’ ಎಂಬ ಏಜೆಂಟರ ಸಲಹೆ ವಿಮಾನ ನಿಲ್ದಾಣದಲ್ಲೇ ಕುತ್ತಾಗಬಹುದು.

2025ರ ಆಗಸ್ಟ್‌ನಲ್ಲಿ ಅಮೆರಿಕದ ಗೃಹಭದ್ರತಾ ಇಲಾಖೆ ಹೊಸ ಕರಡು ನಿಯಮವೊಂದನ್ನು ಪ್ರಕಟಿಸಿತು. ಸ್ನಾತಕೋತ್ತರ ವಿದ್ಯಾರ್ಥಿಗಳು ನಡುವೆ ಕೋರ್ಸು ಬದಲಿಸದಂತೆ, ಪದವಿ ವಿದ್ಯಾರ್ಥಿಗಳು ಮೊದಲ ವರ್ಷ ವಿಶ್ವವಿದ್ಯಾಲಯ ಬಿಡದಂತೆ ನಿರ್ಬಂಧಿಸುವ ಪ್ರಸ್ತಾಪ ಅದರಲ್ಲಿದೆ. ಆದ್ದರಿಂದ ಬದಲಾವಣೆಯ ಯೋಚನೆ ಇರುವವರು ಹಿಂದಿನ ವರ್ಷ ಹೋದ ಸೀನಿಯರ್ ಹೇಳಿದ್ದನ್ನು ನಂಬಿ ಹೆಜ್ಜೆ ಇಡಬಾರದು. ಆ ದಿನಕ್ಕೆ ಚಾಲ್ತಿಯಲ್ಲಿರುವ ನಿಯಮವನ್ನು ತಮ್ಮ ಡಿಎಸ್‌ಒಗೆ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಐ-20 ಜೊತೆ ಜೋಪಾನವಾಗಿ ಇಟ್ಟುಕೊಳ್ಳಬೇಕು.