ನಡುಮನೆ ಸುಳಿವು ಕೊಡದಿದ್ದಾಗ

ಸಿಸಿಟಿವಿ ರೆಕಾರ್ಡರ್‌ನ ಡಿಸ್ಕ್ ತುಂಬಿದ ಮೇಲೆ ಸಾಮಾನ್ಯವಾಗಿ ರೆಕಾರ್ಡಿಂಗ್ ನಿಲ್ಲುವುದಿಲ್ಲ. ಅದು ಮತ್ತೆ ಮೊದಲ ಜಾಗಕ್ಕೆ ಬಂದು, ಎಲ್ಲಕ್ಕಿಂತ ಹಳೆಯದನ್ನು ಅಳಿಸಿ, ಅಲ್ಲಿ ಹೊಸದನ್ನು ಬರೆಯುತ್ತ ಹೋಗುತ್ತದೆ. ಮೆಮೊರಿ ಕಡಿಮೆಯಿರುವ ಎಷ್ಟೋ ಉಪಕರಣಗಳು ತಮ್ಮ ಘಟನೆಗಳ ದಾಖಲೆಯನ್ನು ಇಟ್ಟುಕೊಳ್ಳುವುದೂ ಹೀಗೆಯೇ. ಈ ಏರ್ಪಾಟಿಗೆ ರಿಂಗ್ ಬಫರ್ ಎಂದು ಹೆಸರು.

ಅಂಥ ಮೆಮೊರಿಯನ್ನು ಮೊದಲ ಮನೆಯಿಂದ ಕೊನೆಯ ಮನೆವರೆಗೆ ಓದಿದರೆ ಸಮಯಗಳು ಏರುತ್ತ ಹೋಗಿ, ಒಂದು ಕಡೆ ಥಟ್ಟನೆ ಕೆಳಗಿಳಿದು, ಅಲ್ಲಿಂದ ಮತ್ತೆ ಏರುತ್ತವೆ. ಉದಾಹರಣೆಗೆ ಒಂಬತ್ತು ಮನೆಗಳ ಒಂದು ಸಾಲು:

```
40 45 52 60 71 8 15 23 31
```

8ರಿಂದ 71ರವರೆಗೆ ಕ್ರಮವಾಗಿ ಜೋಡಿಸಿದ ಸಾಲನ್ನು ಒಂದು ಕಡೆ ಕತ್ತರಿಸಿ, ಹಿಂದಿನ ತುಂಡನ್ನು ಮುಂದಕ್ಕೆ ತಂದಿಟ್ಟಂತಿದೆ ಇದು. ಪ್ರೋಗ್ರಾಮರ್‌ಗಳ ಮಾತಿನಲ್ಲಿ ಇದು ತಿರುಗಿಸಿದ ಸಾಲು, ಅಂದರೆ ರೊಟೇಟೆಡ್ ಅರೇ. ಎಲ್ಲಿ ಕತ್ತರಿಸಿದ್ದಾರೆ ಎಂಬುದು ಹುಡುಕುವವನಿಗೆ ಗೊತ್ತಿಲ್ಲ. ಹೀಗಿರುವಾಗ ಇದರಲ್ಲಿ 23 ಇದೆಯೇ ಎಂದು ಬೇಗ ಕಂಡುಹಿಡಿಯುವುದು ಹೇಗೆ?

ಕತ್ತರಿಸದ ಸಾಲಾಗಿದ್ದರೆ ಕೆಲಸ ಸುಲಭ. ನಡುವಿನ ಮನೆ ನೋಡಿ, ಬೇಕಾದದ್ದು ಅದಕ್ಕಿಂತ ದೊಡ್ಡದಾದರೆ ಬಲಕ್ಕೆ, ಚಿಕ್ಕದಾದರೆ ಎಡಕ್ಕೆ ಹೋದರಾಯಿತು. ಪ್ರತಿ ಸಲವೂ ಅರ್ಧ ಸಾಲು ಕೈಬಿಡುವುದರಿಂದ ಹತ್ತು ಲಕ್ಷ ಮನೆಗಳಿದ್ದರೂ 20 ಹೆಜ್ಜೆಗಳಲ್ಲಿ ಹುಡುಕಾಟ ಮುಗಿಯುತ್ತದೆ. ಇದೇ ಬೈನರಿ ಸರ್ಚ್.

ತಿರುಗಿಸಿದ ಸಾಲಿನಲ್ಲೂ ಇದನ್ನು ಉಳಿಸಿಕೊಳ್ಳಬಹುದು. ಕತ್ತರಿಸಿದ ಜಾಗ ಒಂದೇ ಆದ್ದರಿಂದ, ಸಾಲನ್ನು ನಡುವೆ ಎರಡು ಭಾಗ ಮಾಡಿದರೆ ಒಂದು ಭಾಗವಾದರೂ ಪೂರ್ತಿ ಕ್ರಮದಲ್ಲಿ ಇದ್ದೇ ಇರುತ್ತದೆ. ಮೇಲಿನ ಸಾಲಿನ ನಡುಮನೆ ಐದನೆಯದು, ಅಲ್ಲಿರುವುದು 71. ಮೊದಲ ಮನೆಯ 40 ಅದಕ್ಕಿಂತ ಚಿಕ್ಕದು, ಆದ್ದರಿಂದ ಎಡಭಾಗ ಕ್ರಮದಲ್ಲಿದೆ. 23 ಎಂಬುದು 40 ಮತ್ತು 71ರ ನಡುವೆ ಬರುವುದಿಲ್ಲ, ಹಾಗಾಗಿ ಎಡಭಾಗವನ್ನು ನಿಶ್ಚಿಂತೆಯಿಂದ ಬಿಡಬಹುದು. ಉಳಿದ ನಾಲ್ಕು ಮನೆಗಳಲ್ಲಿ ನಡುವಿನದು 15. ಅಲ್ಲೂ ಇದೇ ಪರೀಕ್ಷೆ ಮಾಡಿ ಬಲಕ್ಕೆ ಹೋದರೆ ಮೂರನೆಯ ನೋಟಕ್ಕೇ 23 ಸಿಗುತ್ತದೆ.

ಇಡೀ ಲೆಕ್ಕ ನಿಂತಿರುವುದು ಒಂದೇ ಹೋಲಿಕೆಯ ಮೇಲೆ: ಮೊದಲ ಮನೆ ದೊಡ್ಡದೋ, ನಡುಮನೆ ದೊಡ್ಡದೋ? ಎರಡೂ ಸಮ ಎಂಬ ಉತ್ತರ ಬಂದರೆ ಏನು ಮಾಡುವುದು ಎಂಬ ಪ್ರಶ್ನೆ, ಎಲ್ಲ ಸಂಖ್ಯೆಗಳೂ ಬೇರೆಬೇರೆ ಇರುವವರೆಗೆ ಏಳುವುದೇ ಇಲ್ಲ. ಆದರೆ ಸಮಯವನ್ನು ಸೆಕೆಂಡಿನ ಲೆಕ್ಕದಲ್ಲಿ ಬರೆಯುವ ಉಪಕರಣದಲ್ಲಿ ಒಂದೇ ಸೆಕೆಂಡಿಗೆ ಹಲವು ದಾಖಲೆಗಳು ಬೀಳುತ್ತವೆ. ಆಗ ಒಂದೇ ಸಂಖ್ಯೆ ಮತ್ತೆಮತ್ತೆ ಬರುತ್ತದೆ. ಈ ಎರಡು ಸಾಲುಗಳನ್ನು ನೋಡಿ:

```
7 9 7 7 7 7 7 7 7
7 7 7 7 7 7 7 9 7
```

ಎಂಟು 7 ಮತ್ತು ಕೊನೆಗೊಂದು 9 ಇದ್ದ ಸಾಲನ್ನು ತಿರುಗಿಸಿದಾಗ ಎರಡೂ ಹುಟ್ಟುತ್ತವೆ. ಮೊದಲ ಮನೆ 7, ನಡುಮನೆ 7, ಕೊನೆಯ ಮನೆ 7. ಒಂದರಲ್ಲಿ 9 ಎಡಕ್ಕಿದೆ, ಇನ್ನೊಂದರಲ್ಲಿ ಬಲಕ್ಕಿದೆ. ನೋಡಿದ ಮೂರು ಮನೆಗಳಂತೂ ಎರಡರಲ್ಲೂ ಒಂದೇ. ಎತ್ತ ಹೋಗಬೇಕೆಂದು ಹೇಳುವ ಸುಳಿವು ಅಲ್ಲಿ ಇಲ್ಲವೇ ಇಲ್ಲ.

ಸಂಖ್ಯೆಗಳೆಲ್ಲ ಬೇರೆಬೇರೆ ಎಂದು ನಂಬಿ ಬರೆದ ಪ್ರೋಗ್ರಾಮನ್ನು ಇವುಗಳ ಮೇಲೆ ಓಡಿಸಿದರೆ ಅಪಾಯ ಎಂಥದ್ದೆಂದು ತಿಳಿಯುತ್ತದೆ. ಮೊದಲ ಮನೆ ನಡುಮನೆಗಿಂತ ದೊಡ್ಡದಲ್ಲವಲ್ಲ, ಎಡಭಾಗ ಕ್ರಮದಲ್ಲಿದೆ ಎಂದು ಅದು ತೀರ್ಮಾನಿಸುತ್ತದೆ. ಅಲ್ಲಿ 7ರಿಂದ 7ರವರೆಗೆ ಮಾತ್ರ ಇದೆ ಎಂದುಕೊಂಡು ಬಲಕ್ಕೆ ಹೋಗುತ್ತದೆ. ಎರಡನೆಯ ಸಾಲಿನಲ್ಲಿ 9 ಸಿಕ್ಕಿಬಿಡುತ್ತದೆ. ಮೊದಲನೆಯದರಲ್ಲಿ, ಎರಡನೇ ಮನೆಯಲ್ಲೇ 9 ಇದ್ದರೂ, ಇಲ್ಲ ಎನ್ನುತ್ತದೆ. ಪ್ರೋಗ್ರಾಂ ನಿಲ್ಲುವುದಿಲ್ಲ, ದೋಷದ ಸಂದೇಶವೂ ಬರುವುದಿಲ್ಲ, ತಪ್ಪು ಉತ್ತರ ಸದ್ದಿಲ್ಲದೆ ಬರುತ್ತದೆ. ಇದನ್ನು ಹಿಡಿಯಲು ನಂಬಬಹುದಾದ ದಾರಿಯೊಂದಿದೆ. ಚಿಕ್ಕಚಿಕ್ಕ ಸಾಲುಗಳನ್ನು ಮಾಡಿ, ಪ್ರತಿಯೊಂದನ್ನೂ ಸಾಧ್ಯವಿರುವ ಎಲ್ಲ ಕಡೆ ಕತ್ತರಿಸಿ, ಬಂದ ಉತ್ತರವನ್ನು ಒಂದೊಂದೇ ಮನೆ ನೋಡುತ್ತ ಹೋಗುವ ಸರಳ ಹುಡುಕಾಟದ ಉತ್ತರದೊಂದಿಗೆ ತಾಳೆ ನೋಡಬೇಕು.

ಸರಿಪಡಿಸುವುದು ಕಷ್ಟವಲ್ಲ. ಮೊದಲ ಮತ್ತು ಕೊನೆಯ ಮನೆಗಳು ಸಮವಾಗಿರುವವರೆಗೆ ಕೊನೆಯದನ್ನು ಬಿಡುತ್ತ ಬನ್ನಿ:

```
while lo < hi and a[lo] == a[hi]:
    hi -= 1
```

ಬಿಟ್ಟ ಸಂಖ್ಯೆಯ ಒಂದು ಪ್ರತಿ ಮೊದಲ ಮನೆಯಲ್ಲಿ ಇದ್ದೇ ಇರುವುದರಿಂದ ಏನೂ ಕಳೆದುಹೋಗುವುದಿಲ್ಲ. ತುದಿಗಳು ಬೇರೆಯಾದ ಕೂಡಲೇ ಗೊಂದಲವೂ ಮುಗಿಯಿತು. ಕೊನೆಯ ಮನೆ ಮೊದಲನೆಯದಕ್ಕಿಂತ ದೊಡ್ಡದಾದರೆ, ಉಳಿದ ಸಾಲಿನಲ್ಲಿ ಕತ್ತರಿಸಿದ ಜಾಗವೇ ಇಲ್ಲ. ಮಾಮೂಲಿ ಬೈನರಿ ಸರ್ಚ್ ಸಾಕು. ಚಿಕ್ಕದಾದರೆ, ಮೊದಲ ಮನೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಸಂಖ್ಯೆಗಳೆಲ್ಲ ಎಡ ತುಂಡಿನವು, ಅದಕ್ಕಿಂತ ಚಿಕ್ಕವೆಲ್ಲ ಬಲ ತುಂಡಿನವು ಎಂದು ಖಚಿತವಾಗಿ ಹೇಳಬಹುದು. ಅಲ್ಲಿಂದ ಮುಂದೆ ಮತ್ತೆ ಅರ್ಧರ್ಧ ಕೈಬಿಡುವ ಹಾದಿಯೇ. ಸಾಲಿನ ನಡುವೆ ಒಂದೇ ಸಂಖ್ಯೆ ಎಷ್ಟು ಸಲ ಬಂದಿದ್ದರೂ ತೊಂದರೆಯಿಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಕತ್ತರಿ ಬಿದ್ದ ಜಾಗದಲ್ಲಿ ಒಂದೇ ಸಂಖ್ಯೆಯ ಗುಂಪು ಎರಡಾಗಿ ಒಡೆದು ಎರಡೂ ತುದಿಗಳಿಗೆ ಹಂಚಿಹೋದಾಗ ಮಾತ್ರ ತೊಂದರೆ. ಸೆಕೆಂಡಿಗೆ ಹೆಚ್ಚೆಂದರೆ ಹತ್ತು ದಾಖಲೆ ಬರೆಯುವ ಉಪಕರಣದಲ್ಲಿ ಒಂಬತ್ತು ಮನೆಗಳಿಗಿಂತ ಹೆಚ್ಚು ಬಿಡಬೇಕಾಗುವುದಿಲ್ಲ. ಹತ್ತು ಲಕ್ಷ ದಾಖಲೆಗಳಿದ್ದರೂ ಹುಡುಕಾಟ ಮೂವತ್ತು ಹೆಜ್ಜೆಗಳ ಆಸುಪಾಸಿನಲ್ಲೇ ಮುಗಿಯುತ್ತದೆ.

ಆದರೆ ಹತ್ತು ಲಕ್ಷ ಮನೆಗಳಲ್ಲಿ ಎರಡನೆಯದು 9, ಮಿಕ್ಕವೆಲ್ಲ 7 ಎಂದುಕೊಳ್ಳಿ. ಕೊನೆಯಿಂದ ಒಂದೊಂದೇ ಮನೆ ಬಿಡುತ್ತ ಬರಲು ಹತ್ತು ಲಕ್ಷದ ಹತ್ತಿರ ಹೆಜ್ಜೆಗಳು ಬೇಕು. ಎರಡೂ ತುದಿಗಳಿಂದ ಬಿಡುತ್ತ ಬಂದರೆ, ಅಥವಾ ಅನುಮಾನ ಬಂದಾಗ ಎರಡೂ ಭಾಗಗಳಲ್ಲಿ ಹುಡುಕಿದರೆ ವೇಗ ಹೆಚ್ಚಬಹುದೇ? 9 ಬೇಗ ಸಿಗುವ ಸಾಲುಗಳು ಇರುತ್ತವೆ ನಿಜ, ಆದರೆ ಆ ಪ್ರತಿಯೊಂದು ವಿಧಾನಕ್ಕೂ ಅದರದೇ ಕೆಟ್ಟ ಸಾಲೊಂದು ಇದ್ದೇ ಇರುತ್ತದೆ.

ಇನ್ನೂ ಜಾಣತನದ ವಿಧಾನವೊಂದು ಯಾರಿಗಾದರೂ ಹೊಳೆಯಬಹುದಲ್ಲ ಎಂಬ ಆಸೆ ಸಹಜ. ಹೊಳೆಯುವುದಿಲ್ಲ ಎಂದು ಸಾಧಿಸಿ ತೋರಿಸಬಹುದು, ಮತ್ತು ಈ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ ಅದೇ. ಎಲ್ಲ ಮನೆಗಳಲ್ಲೂ 7 ಇರುವ ಒಂದು ಸಾಲು ತೆಗೆದುಕೊಳ್ಳಿ, 9 ಇದೆಯೇ ಎಂದು ಯಾವುದೇ ಪ್ರೋಗ್ರಾಮನ್ನು ಕೇಳಿ. ಅದು ಒಂದು ಮನೆಯನ್ನು ನೋಡದೆ ಬಿಟ್ಟು, ಇಲ್ಲ ಎಂದು ಉತ್ತರಿಸಿತು ಎನ್ನೋಣ. ಈಗ ಅದು ನೋಡದ ಆ ಮನೆಯಲ್ಲಿ ಮಾತ್ರ 7ರ ಬದಲು 9 ಇಡಿ. ಒಂದೇ ಒಂದು 9 ಯಾವ ಮನೆಯಲ್ಲಿ ಕೂತರೂ ಅದು ನಿಯಮಕ್ಕೆ ಒಪ್ಪುವ ತಿರುಗಿಸಿದ ಸಾಲೇ. ಪ್ರೋಗ್ರಾಂ ನೋಡುವ ಮನೆಗಳಲ್ಲಿ ಮಾತ್ರ ಏನೂ ಬದಲಾಗಿಲ್ಲ. ಆದ್ದರಿಂದ ಅದು ಮೊದಲಿನಂತೆಯೇ ಇಲ್ಲ ಎನ್ನುತ್ತದೆ, ಈ ಸಲ ಅದು ತಪ್ಪು. ತಪ್ಪಬಾರದೆಂದರೆ ಪ್ರತಿ ಮನೆಯನ್ನೂ ನೋಡಲೇಬೇಕು. ಮನೆಗಳು ಇಮ್ಮಡಿಯಾದರೆ ಕೆಲಸವೂ ಇಮ್ಮಡಿ. ಇದನ್ನೇ ಲೀನಿಯರ್ ಎನ್ನುವುದು.

ಸಾಫ್ಟ್‌ವೇರ್ ಕೆಲಸದ ಇಂಟರ್‌ವ್ಯೂಗೆ ತಯಾರಾಗುವವರು LeetCode ಅಭ್ಯಾಸದಲ್ಲಿ ಇದೇ ಜೋಡಿಯನ್ನು 33 ಮತ್ತು 81ನೇ ಸಮಸ್ಯೆಗಳಾಗಿ ಬಿಡಿಸುತ್ತಾರೆ. ಎರಡನೆಯದರ ಕೋಡ್ ಬಾಯಿಪಾಠ ಮಾಡುವುದಕ್ಕಿಂತ ಮೇಲಿನ ವಾದವನ್ನು ಸ್ವಂತ ಮಾತಿನಲ್ಲಿ ಹೇಳಲು ಬರುವುದು ಹೆಚ್ಚು ಉಪಯೋಗಕ್ಕೆ ಬರುತ್ತದೆ.

ನಿಜವಾದ ಉಪಕರಣ ಕಟ್ಟುವವರಿಗೆ ಇನ್ನೊಂದು ದಾರಿಯಿದೆ: ಹುಡುಕಾಟವನ್ನು ಚುರುಕುಗೊಳಿಸಲು ಹೆಣಗುವ ಬದಲು ದಾಖಲೆಗೇ ಸ್ವಲ್ಪ ಹೆಚ್ಚು ಮಾಹಿತಿ ಸೇರಿಸುವುದು. ಮುಂದಿನ ದಾಖಲೆ ಬೀಳಬೇಕಾದ ಮನೆಯ ಸಂಖ್ಯೆಯನ್ನು ಒಂದು ಕಡೆ ಬರೆದಿಟ್ಟರೆ ಕತ್ತರಿಸಿದ ಜಾಗ ಮೊದಲೇ ಗೊತ್ತಿರುತ್ತದೆ. ಇಲ್ಲವಾದರೆ ಪ್ರತಿ ದಾಖಲೆಗೂ ಸಮಯದ ಜೊತೆಗೆ ಏರುತ್ತ ಹೋಗುವ ಒಂದು ಕ್ರಮಸಂಖ್ಯೆ ಕೊಟ್ಟು, ಹೋಲಿಸುವಾಗ ಎರಡನ್ನೂ ಸೇರಿಸಿ ನೋಡಿದರೆ ಯಾವ ಎರಡು ದಾಖಲೆಗಳೂ ಸಮವಾಗುವುದಿಲ್ಲ. ಆಗ ಹತ್ತು ಲಕ್ಷ ಮನೆಗಳ ಹುಡುಕಾಟ ಮತ್ತೆ ಸುಮಾರು 20 ಹೆಜ್ಜೆಗಳಿಗೆ ಇಳಿಯುತ್ತದೆ.